ಹಳೇ ತಾರೀಖಿನ ಬಿಲ್ ಕ್ಯಾನ್ಸಲ್ ಆದರೆ ಸ್ಟಾಕ್ ಡ್ಯಾಶ್‌ಬೋರ್ಡ್‌ಗೆ ಹೇಗೆ ಗೊತ್ತಾಗಬೇಕು?

ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ರಾತ್ರಿ ಒಂದು ಸಿಎಸ್‌ವಿ ಫೈಲ್ ಬರುತ್ತದೆ. ಅದನ್ನು ಓದಿ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಸ್ಟಾಕ್ ಎಷ್ಟಿದೆ, ಎಷ್ಟು ದಿನಕ್ಕೆ ಸಾಕು ಅಂತ ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸಬೇಕು. ನನ್ನ ಕೆಲಸ ಇದು. ಈ ವ್ಯವಸ್ಥೆ ನನ್ನ ಕೈಗೆ ಬಂದಾಗ ಅದು ನಡೆಯುತ್ತಿದ್ದ ರೀತಿ ಸರಳವಾಗಿತ್ತು. ಪ್ರತಿ ರಾತ್ರಿ ಆ ದಿನದ ತಾರೀಖಿನ ಬಿಲ್‌ಗಳನ್ನು ಮಾತ್ರ ತರಿಸಿಕೊಂಡು, ಹಿಂದಿನ ಸ್ಟಾಕ್‌ಗೆ ಖರೀದಿ ಕೂಡಿಸಿ, ಮಾರಾಟ ಕಳೆಯುತ್ತಿತ್ತು. ಒಂದು ದಿನವೂ ಎರರ್ ಬರುತ್ತಿರಲಿಲ್ಲ. ಆದರೂ ವಾರ ಕಳೆದಂತೆ ಅಂಕಿಗಳು ಗೋದಾಮಿನ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ.

ಕಾರಣ ಹುಡುಕಲು ಒಂದೇ ಒಂದು ಐಟಂ ಹಿಡಿದು ಕೂತೆ. ಹತ್ತಾರು ಐಟಂ ಒಟ್ಟಿಗೆ ನೋಡಿದರೆ ತಲೆ ಕೆಡುತ್ತದೆ, ಒಂದನ್ನೇ ಬಿಲ್ ಬಿಲ್ ನೋಡಿದರೆ ಕಥೆ ಬಿಚ್ಚಿಕೊಳ್ಳುತ್ತದೆ.

ಸೋಮವಾರ ಬೆಳಿಗ್ಗೆ ಅದರ ಸ್ಟಾಕ್ 60. ಆ ದಿನ ಎರಡು ಬಿಲ್, ಒಂದರಲ್ಲಿ 5, ಇನ್ನೊಂದರಲ್ಲಿ 8. ಉಳಿದದ್ದು 47. ಮಂಗಳವಾರ 4 ಹೋಯಿತು, ಬುಧವಾರ 3. ಡ್ಯಾಶ್‌ಬೋರ್ಡ್ ಲೆಕ್ಕದಲ್ಲಿ ಈಗ 40. ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ 48 ಅನ್ನುತ್ತಿತ್ತು. ಕೌಂಟರ್‌ನಲ್ಲಿ ಕೇಳಿದೆ. "ಆ 8ರ ಬಿಲ್ ಬುಧವಾರ ಕ್ಯಾನ್ಸಲ್ ಮಾಡಿದ್ವಿ ಸಾರ್, ಆದ್ರೆ ಬಿಲ್ ತಾರೀಖು ಸೋಮವಾರದ್ದೇ ಇರುತ್ತಲ್ವಾ" ಅಂದರು. ಅಲ್ಲಿಗೆ ಉತ್ತರ ಸಿಕ್ಕಿತು. ಎಕ್ಸ್‌ಪೋರ್ಟ್ ಆಗುವುದು ಬಿಲ್ ತಾರೀಖಿನ ಪ್ರಕಾರ. ಬುಧವಾರದ ಫೈಲ್‌ನಲ್ಲಿ ಸೋಮವಾರದ ಬಿಲ್‌ನ ಸುದ್ದಿಯೇ ಇರುವುದಿಲ್ಲ. ಸೋಮವಾರದ ಫೈಲನ್ನು ಮತ್ತೆ ಯಾರೂ ತರಿಸುವುದಿಲ್ಲ. ಹಾಗಾಗಿ ಆ 8 ಶಾಶ್ವತವಾಗಿ ಕಳೆದುಹೋಯಿತು.

8 ಅಂದರೆ ಅಷ್ಟೇನೂ ಅಲ್ಲ ಅನ್ನಿಸಬಹುದು. ಆದರೆ ಡ್ಯಾಶ್‌ಬೋರ್ಡ್‌ನಲ್ಲಿ ಜನ ಮೊದಲು ನೋಡುವುದು 'ಎಷ್ಟು ದಿನಕ್ಕೆ ಸಾಕು' ಅನ್ನುವ ಕಾಲಂ. ನಿಜವಾದ ಲೆಕ್ಕದಲ್ಲಿ ಮೂರು ದಿನದ ಮಾರಾಟ 12, ಅಂದರೆ ದಿನಕ್ಕೆ 4. ಇರುವ 48ರಲ್ಲಿ 12 ದಿನ ನಡೆಯುತ್ತದೆ. ಡ್ಯಾಶ್‌ಬೋರ್ಡ್ ಲೆಕ್ಕದಲ್ಲಿ ಮಾರಾಟ 20, ಸ್ಟಾಕ್ 40, ಅಂದರೆ ಬರೀ 6 ದಿನ. ಒಂದು ಕ್ಯಾನ್ಸಲ್ ಬಿಲ್ ಸ್ಟಾಕನ್ನು ಇಳಿಸಿ, ಮಾರಾಟವನ್ನು ಏರಿಸಿ, ಉತ್ತರವನ್ನು ಅರ್ಧಕ್ಕೆ ತಂದುಬಿಟ್ಟಿತು. ಇದನ್ನು ನಂಬಿ ಯಾರಾದರೂ ಆರ್ಡರ್ ಹಾಕಿದರೆ ಬೇಡದ ಸರಕು ಬಂದು ಬೀಳುತ್ತದೆ.

ಹಾಗಿದ್ದರೆ ಸಾಫ್ಟ್‌ವೇರ್‌ನ ಕ್ಲೋಸಿಂಗ್ ಸ್ಟಾಕ್ ರಿಪೋರ್ಟನ್ನೇ ನೇರವಾಗಿ ತೋರಿಸಿದರೆ ಸಾಲದೇ? ಬರೀ ಸ್ಟಾಕ್ ಎಷ್ಟು ಅಂತ ತಿಳಿದರೆ ಸಾಕು ಅನ್ನುವವರಿಗೆ ಖಂಡಿತ ಸಾಕು, ಅದೇ ಒಳ್ಳೆಯದು. ಎಷ್ಟು ದಿನಕ್ಕೆ ಬರುತ್ತದೆ ಅಂತ ಹೇಳಬೇಕಾದರೆ ಮಾತ್ರ ಬಿಲ್‌ಗಳೂ ಬೇಕು.

ನಾನು ಬದಲಾಯಿಸಿದ್ದು ಇಷ್ಟು. ಒಂದು ದಿನದ ಬಿಲ್‌ಗಳ ಬದಲು, ಇನ್ನೂ ತಿದ್ದಲು ಸಾಧ್ಯವಿರುವ ಎಲ್ಲಾ ದಿನಗಳ ಬಿಲ್‌ಗಳನ್ನು ಪ್ರತಿ ರಾತ್ರಿ ಹೊಸದಾಗಿ ತರಿಸುವುದು. ಎಷ್ಟು ದಿನ ಹಿಂದಕ್ಕೆ ಹೋಗಬೇಕು ಅನ್ನುವುದನ್ನು ಸುಮ್ನೆ ಊಹಿಸಬಾರದು. ಸಾಫ್ಟ್‌ವೇರ್‌ನಲ್ಲಿ ಹಳೇ ಅವಧಿಯನ್ನು ಲಾಕ್ ಮಾಡುವ ಸೌಲಭ್ಯ ಇದ್ದರೆ, ಲಾಕ್ ಆದ ಅವಧಿಯ ಕೊನೆಯ ತಾರೀಖಿನ ಮರುದಿನದಿಂದ ಶುರು ಮಾಡಿ. ಅದಕ್ಕೂ ಹಿಂದಿನದನ್ನು ಯಾರೂ ಮುಟ್ಟಲಾರರು. ಲಾಕ್ ಇಲ್ಲದಿದ್ದರೆ, ಎಂಟ್ರಿ ಮಾಡಿದ ತಾರೀಖು ಮತ್ತು ಬಿಲ್ ತಾರೀಖು ಎರಡೂ ಫೈಲ್‌ನಲ್ಲಿ ಬರುತ್ತವೆಯೇ ನೋಡಿ. ಬಂದರೆ, ಎರಡರ ನಡುವಿನ ಅತಿ ದೊಡ್ಡ ಅಂತರಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಆದರೆ ಈ ಅಂತರ ತಡವಾಗಿ ಬರೆದ ಬಿಲ್‌ಗಳನ್ನು ಹಿಡಿಯುತ್ತದೆ, ತಡವಾದ ಕ್ಯಾನ್ಸಲ್‌ಗಳನ್ನಲ್ಲ. ಅದನ್ನು ಕೌಂಟರ್‌ನವರನ್ನೇ ಕೇಳಬೇಕು.

ಹೊಸ ಫೈಲನ್ನು ಮೊದಲು ಬೇರೆ ಟೇಬಲ್‌ಗೆ ಹಾಕುತ್ತೇನೆ. ಆಮೇಲೆ ಹೀಗೆ:

```sql
BEGIN;
DELETE FROM moves WHERE bill_date >= :from_date;
INSERT INTO moves
SELECT * FROM staging
WHERE bill_date >= :from_date AND status <> 'CANCELLED';
COMMIT;
```

ಬಿಲ್ ನಂಬರ್ ಹಿಡಿದು ಇದ್ದದ್ದನ್ನು ಅಪ್‌ಡೇಟ್, ಇಲ್ಲದ್ದನ್ನು ಇನ್ಸರ್ಟ್ ಮಾಡಿದರೆ ಆಗದೇ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಕೆಲವು ಸಾಫ್ಟ್‌ವೇರ್‌ಗಳು ಕ್ಯಾನ್ಸಲ್ ಆದ ಬಿಲ್ಲನ್ನು ಸ್ಟೇಟಸ್ ಬದಲಿಸಿ ಫೈಲ್‌ನಲ್ಲಿ ಉಳಿಸುತ್ತವೆ, ಪ್ರಮಾಣವೂ ಹಾಗೇ ಇರುತ್ತದೆ. ಇನ್ನು ಕೆಲವು ಆ ಸಾಲನ್ನೇ ತೆಗೆದುಬಿಡುತ್ತವೆ. ಫೈಲ್‌ನಲ್ಲಿ ಇಲ್ಲದ ಬಿಲ್ಲನ್ನು ಅಪ್‌ಡೇಟ್ ಮಾಡುವುದು ಹೇಗೆ? ಅಳಿಸಿ ಮತ್ತೆ ಬರೆದರೆ ಎರಡೂ ಸಂದರ್ಭ ಸರಿಹೋಗುತ್ತದೆ. ಸ್ಟೇಟಸ್ ಕಾಲಂ ಖಾಲಿ ಬರುವ ಫೈಲ್ ಆದರೆ ಅಲ್ಲಿ ಏನಾದರೂ ಒಂದು ಪದ ತುಂಬಿಸಿಕೊಳ್ಳಿ. ಖಾಲಿ ಜಾಗ ಟೇಬಲ್‌ನಲ್ಲಿ NULL ಆಗಿ ಕೂತರೆ ಮೇಲಿನ ಷರತ್ತು ಆ ಸಾಲನ್ನೂ ಬಿಟ್ಟುಬಿಡುತ್ತದೆ.

ಅಳಿಸುವ ಕೆಲಸ ಬಂದಮೇಲೆ ಭಯವೂ ಇರಬೇಕು. ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಂತಿದ್ದರೆ ಅಥವಾ ಯಾರೋ ಬರೀ ಒಂದು ವಾರದ ರಿಪೋರ್ಟ್ ಇಟ್ಟಿದ್ದರೆ, ಅಷ್ಟೂ ಬಿಲ್‌ಗಳು ಅಳಿಸಿ ಕೊಂಚವೇ ವಾಪಸ್ ಬರುತ್ತದೆ. ಅದಕ್ಕೇ ಅಳಿಸುವ ಮೊದಲು ರಿಪೋರ್ಟ್‌ನ ಮೇಲ್ಭಾಗದಲ್ಲಿರುವ 'ಇಂದ', 'ವರೆಗೆ' ತಾರೀಖುಗಳನ್ನೂ ಕೊನೆಯ ಮೊತ್ತದ ಸಾಲನ್ನೂ ನೋಡುತ್ತೇನೆ. ಮೊತ್ತದ ಸಾಲಿಗೂ ನಾನು ಕೂಡಿಸಿದ್ದಕ್ಕೂ ತಾಳೆಯಾಗದಿದ್ದರೆ ಏನನ್ನೂ ಮುಟ್ಟುವುದಿಲ್ಲ. ನಿನ್ನೆಯ ಅಂಕಿಗಳೇ ಉಳಿಯುತ್ತವೆ. ಡ್ಯಾಶ್‌ಬೋರ್ಡ್ ಮೇಲೆ 'ಇದು ಇಂಥ ತಾರೀಖಿನವರೆಗಿನ ಸ್ಟಾಕ್' ಅಂತ ದೊಡ್ಡದಾಗಿ ಕಾಣುತ್ತದೆ. ಆ ತಾರೀಖು ಫೈಲ್‌ನೊಳಗಿನಿಂದ ಬರಬೇಕು. ರಿಫ್ರೆಶ್ ನಡೆದ ಗಂಟೆ ಹಾಕಿದರೆ ನಿನ್ನೆಯ ಫೈಲನ್ನೇ ಮತ್ತೆ ಓದಿದ ದಿನವೂ ಎಲ್ಲಾ ತಾಜಾ ಅನ್ನಿಸುತ್ತದೆ.

ಕ್ಲೋಸಿಂಗ್ ಸ್ಟಾಕ್ ರಿಪೋರ್ಟನ್ನು ಈಗ ಪ್ರತಿ ರಾತ್ರಿ ತಾಳೆ ನೋಡಲು ಬಳಸುತ್ತೇನೆ. ವ್ಯತ್ಯಾಸ ಬಂದ ಐಟಂಗಳನ್ನು ಒಂದು ಪಟ್ಟಿ ಮಾಡಿ ಕೆಲವು ದಿನ ಇಟ್ಟು ನೋಡಿದರೆ ಕಾರಣ ತಾನಾಗಿಯೇ ಹೊರಬರುತ್ತದೆ. ಮೇಲಿನ ಐಟಂನಲ್ಲಿ ಗುರುವಾರ 6 ಹೋದಮೇಲೆ ಎರಡು ಲೆಕ್ಕ 42 ಮತ್ತು 34 ಆಯಿತು. ವ್ಯತ್ಯಾಸ ಮತ್ತೆ ಅದೇ 8. ಹೀಗೆ ಅಲುಗದೆ ನಿಂತ ವ್ಯತ್ಯಾಸ ಅಂದರೆ ಹೆಚ್ಚಾಗಿ ಯಾವುದೋ ಒಂದು ಬಿಲ್ ತಪ್ಪಿಹೋಗಿದೆ. ಪ್ರತಿ ಖರೀದಿಗೂ ಬೆಳೆಯುತ್ತಾ ಹೋದರೆ ಯೂನಿಟ್ ನೋಡಿ. 12 ಪೀಸ್‌ನ 2 ಬಾಕ್ಸ್ ಬಂದಾಗ ನಾವು ಬರೀ 2 ಅಂತ ಕೂಡಿಸಿದರೆ, ಅಷ್ಟರಲ್ಲೇ 22 ಕಡಿಮೆ.

ಮೈನಸ್ ಸ್ಟಾಕ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಅದನ್ನು ಸೊನ್ನೆ ಮಾಡಿ ಮುಚ್ಚಬಾರದು. ಸರಕು ಬಂದು ರ‍್ಯಾಕ್ ಸೇರಿ ಮಾರಾಟವೂ ಆಗಿರುತ್ತದೆ, ಖರೀದಿ ಬಿಲ್ ಎಂಟ್ರಿ ಮಾತ್ರ ಬಾಕಿ. ಆಗ ಸ್ಟಾಕ್ ಮೈನಸ್ 10 ಅಂತ ಬಂದರೆ, ಅದು ಎಂಟ್ರಿ ಬಾಕಿಯಿರುವ ಐಟಂ ಯಾವುದು ಅಂತ ನೇರವಾಗಿ ಹೇಳುತ್ತದೆ. ಬೆಳಿಗ್ಗೆ ಮೈನಸ್ ಇರುವ ಐಟಂಗಳ ಪಟ್ಟಿಯನ್ನು ಖರೀದಿ ನೋಡಿಕೊಳ್ಳುವವರಿಗೆ ಕಳಿಸುತ್ತೇನೆ. ಅವರು ಎಂಟ್ರಿ ಮುಗಿಸಿದ ರಾತ್ರಿಯೇ, ಹಳೇ ತಾರೀಖಿನ ಬಿಲ್ ಆದರೂ, ಆ ಸಾಲು ತಾನಾಗಿ ಸರಿಯಾಗುತ್ತದೆ. ಸರಿಯಾಗದೆ ಉಳಿದರೆ ಖರೀದಿ ಒಂದು ಕೋಡ್‌ನಲ್ಲಿ, ಮಾರಾಟ ಇನ್ನೊಂದು ಕೋಡ್‌ನಲ್ಲಿ ಹೋಗಿದೆಯೇ ನೋಡುತ್ತೇನೆ. ಯಾರಾದರೂ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ 00451 ಅನ್ನುವ ಕೋಡ್ 451 ಆಗಿಬಿಡುತ್ತದೆ. ಅದಕ್ಕೆ ಈಗ ಎಕ್ಸ್‌ಪೋರ್ಟ್ ಫೋಲ್ಡರ್‌ನಲ್ಲಿ ಬರೆಯುವ ಅನುಮತಿ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಬಿಟ್ಟು ಬೇರೆ ಯಾರಿಗೂ ಇಲ್ಲ.