ಮೋಟಾರ್ ವೇಗದ ರೆಗ್ಯುಲೇಟರ್, ಭಾಗ 3: ರಿಕಾಟಿ ಸಮೀಕರಣ ಒಂದೇ ಹಾಳೆಯಲ್ಲಿ

ಎಸ್.ಪಿ. ರಸ್ತೆಯ 12 ವೋಲ್ಟ್ ಡಿ.ಸಿ. ಮೋಟಾರ್, ಅದರ ಶಾಫ್ಟಿಗೊಂದು ಹಿತ್ತಾಳೆ ಚಕ್ರ. ಕಳೆದ ಭಾಗದಲ್ಲಿ ತೆಗೆದ ಅಳತೆ ಇಷ್ಟು: 6 ವೋಲ್ಟ್ ಕೊಟ್ಟರೆ ವೇಗ 120 rad/sಗೆ ಬಂದು ನಿಲ್ಲುತ್ತದೆ, ಅದರ ಶೇ 63 ಮುಟ್ಟಲು 0.5 ಸೆಕೆಂಡ್ ಬೇಕು. ಅಂದರೆ ವೋಲ್ಟಿಗೆ 20 rad/s. ಆರ್ಮೇಚರ್ ಇಂಡಕ್ಟೆನ್ಸ್ ಬಿಟ್ಟುಬಿಟ್ಟರೆ ಪ್ಲಾಂಟ್ ಒಂದೇ ಸಾಲು:

`x' = -2x + 40u`

ಇಲ್ಲಿ x ಎಂದರೆ ಬೇಕಾದ ವೇಗದಿಂದ ಆದ ವ್ಯತ್ಯಾಸ, u ಎಂದರೆ ಆ ವೇಗಕ್ಕೆ ಬೇಕಾದ ವೋಲ್ಟೇಜಿನ ಮೇಲೆ ಕೊಡುವ ಹೆಚ್ಚುವರಿ. ಹಾಗಾಗಿ a = -2, b = 40.

ಹುಡುಕುತ್ತಿರುವುದು u = -Kx ಎಂಬ ನಿಯಮದ ಗೇನ್ K. qx² + ru² ಅನ್ನು ಕಾಲದುದ್ದಕ್ಕೂ ಕೂಡಿದರೆ ಬರುವ ವೆಚ್ಚ ಅತಿ ಕಡಿಮೆ ಆಗಬೇಕು. ಆ ಕನಿಷ್ಠ ವೆಚ್ಚ Px², ಅದರ P ಕೊಡುವುದೇ ರಿಕಾಟಿ ಸಮೀಕರಣ. ಮೊದಲು ತೂಕಗಳು q, r. 10 rad/s ತಪ್ಪು ಎಷ್ಟು ಕೆಟ್ಟದ್ದೋ 2 ವೋಲ್ಟ್ ಹೆಚ್ಚು ಸುರಿಯುವುದೂ ಅಷ್ಟೇ ಕೆಟ್ಟದ್ದು ಎಂದು ಇಟ್ಟುಕೊಂಡರೆ q = 1/100, r = 1/4. ಗೇನಿಗೆ ಬೇಕಾಗುವುದು ಇವೆರಡರ ಅನುಪಾತ 0.04 ಮಾತ್ರ, ಎರಡನ್ನೂ ಹತ್ತು ಪಟ್ಟು ಮಾಡಿದರೆ P ಬದಲಾಗುತ್ತದೆ, K ಅಲ್ಲಾಡುವುದಿಲ್ಲ.

ಮ್ಯಾಟ್ರಿಕ್ಸ್ ರೂಪದಲ್ಲಿ ಸಮೀಕರಣ `AᵀP + PA - PBR⁻¹BᵀP + Q = 0`. ಒಂದೇ ಸ್ಥಿತಿ ಇರುವಾಗ ಎಲ್ಲವೂ ಬರೀ ಸಂಖ್ಯೆ, ಮೊದಲ ಎರಡು ಪದ ಸೇರಿ 2aP ಆಗುತ್ತವೆ. ಸಂಖ್ಯೆ ತುಂಬಿ ಚಿಹ್ನೆ ತಿರುಗಿಸಿದರೆ:

`6400P² + 4P - 0.01 = 0`

ಇದು ಹೈಸ್ಕೂಲಿನ ವರ್ಗ ಸಮೀಕರಣ. √272 = 16.492, ಆದ್ದರಿಂದ P ಒಂದೋ 0.000976, ಇಲ್ಲವೇ -0.001601. ವೆಚ್ಚ Px² ಋಣ ಆಗಲು ಸಾಧ್ಯವಿಲ್ಲ, ಎರಡನೆಯದು ಬಿತ್ತು. K = bP/r = 0.156.

ಬಿದ್ದ ಮೂಲವನ್ನು ಕಸಕ್ಕೆ ಹಾಕಬೇಡಿ, ತಾಳೆ ನೋಡಲು ಅದೇ ಬೇಕು. ಫೀಡ್‌ಬ್ಯಾಕ್ ಹಾಕಿದ ಮೇಲಿನ ಪೋಲ್, ಅಂದರೆ a - bK, ಲೆಕ್ಕ ಹಾಕಿದರೆ ಸರಿಯಾದ ಮೂಲಕ್ಕೆ -8.246, ಬಿಟ್ಟ ಮೂಲಕ್ಕೆ +8.246. ಒಂದು ಕನ್ನಡಿಯ ಈಚೆ, ಇನ್ನೊಂದು ಆಚೆ. ಎರಡೂ ಕೂಡಿ ಸೊನ್ನೆ ಬರಲೇಬೇಕು, ಏಕೆಂದರೆ ಅವು ±√(a² + b²q/r).

ಕೈಲೆಕ್ಕದಲ್ಲಿ ಹೆಚ್ಚಾಗಿ ಆಗುವ ಎಡವಟ್ಟು 2aP ಬದಲು aP ಬರೆಯುವುದು. ಆಗ K = 0.177 ಬರುತ್ತದೆ, ಪೋಲ್ -9.06. ಮೋಟಾರ್ ಚೆನ್ನಾಗಿಯೇ ಓಡುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದರೆ ಇನ್ನೊಂದು ಮೂಲದ ಪೋಲ್ +7.06; ಕೂಡಿದರೆ -2. ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಂದು ತೊಂದರೆ q/r ತುಂಬಾ ಚಿಕ್ಕದಾದಾಗ. `(-2 + √(4 + 1600q/r))/40` ಸೂತ್ರದಲ್ಲಿ ಮೇಲಿನ ಎರಡು ಸಂಖ್ಯೆ ಹೆಚ್ಚುಕಡಿಮೆ ಸಮ ಆಗಿ, ಕಳೆದಾಗ ಅಂಕಿಗಳು ಕರಗಿಹೋಗುತ್ತವೆ. ಇದನ್ನೇ ತಿರುಗಿಸಿ ಬರೆದರೆ ಕಳೆಯುವ ಕೆಲಸವೇ ಇಲ್ಲ: `K = 40(q/r) / (√(4 + 1600q/r) + 2)`. ನಮ್ಮ ಸಂಖ್ಯೆಗೆ 1.6/10.246, ಅದೇ 0.156.

ಬೇಕಾದ ವೇಗ 100 rad/s, ಅದಕ್ಕೆ 5 ವೋಲ್ಟ್. ಬೋರ್ಡಿಗೆ ಹಾಕಿದ್ದು ಇಷ್ಟೇ, 10 ಮಿಲಿಸೆಕೆಂಡಿಗೊಮ್ಮೆ; ಇಲ್ಲಿ w ಅಳೆದ ವೇಗ, u ಹೆಚ್ಚುವರಿಯಲ್ಲ, ಪೂರ್ತಿ ವೋಲ್ಟೇಜ್:

```
u = 5.0 - 0.156*(w - 100.0);
u = constrain(u, 0.0, 12.0);
```

95ರಿಂದ 100ಕ್ಕೆ ಏರಿಸಿದಾಗ ಶೇ 63 ಮುಟ್ಟಲು ಸುಮಾರು 0.12 ಸೆಕೆಂಡ್, 1/8.246 ಕೂಡ ಅಷ್ಟೇ. ನಿಂತ ಮೋಟಾರನ್ನು ಒಮ್ಮೆಲೇ 100ಕ್ಕೆ ಕರೆದರೆ ಈ ಲೆಕ್ಕ ಹೊಂದುವುದಿಲ್ಲ. ಸೂತ್ರ ಕೇಳುವುದು 20.6 ವೋಲ್ಟ್, ಇರುವುದು 12. ವೇಗ 55 rad/s ದಾಟುವವರೆಗೆ, ಅಂದರೆ ಮೊದಲ 0.13 ಸೆಕೆಂಡ್, ರೆಗ್ಯುಲೇಟರ್ ಹೆಸರಿಗಷ್ಟೇ. ಪೂರ್ತಿ ಸಪ್ಲೈ ಮೇಲೆ ಮೋಟಾರ್ ಓಡುತ್ತಿರುತ್ತದೆ. ಆ ಭಾಗದ ಗ್ರಾಫ್ ನೋಡಿ ಗೇನ್ ತಪ್ಪು ಎಂದು ತಿದ್ದಲು ಹೋಗಬಾರದು. ಎಷ್ಟು ವೋಲ್ಟ್ ಸಿಗುತ್ತದೆ ಎಂಬ ಮಿತಿ ರಿಕಾಟಿ ಸಮೀಕರಣದೊಳಗೆ ಎಲ್ಲೂ ಇಲ್ಲ.

ಕೊನೆಗೆ ಚಕ್ರಕ್ಕೆ ಫೆಲ್ಟ್ ತುಂಡು ಒತ್ತಿ 1 ವೋಲ್ಟಿಗೆ ಸಮನಾದ ಹೊರೆ ಕೊಟ್ಟದ್ದು. ಫೀಡ್‌ಬ್ಯಾಕ್ ಇಲ್ಲದೆ ವೇಗ 20 rad/s ಇಳಿಯುತ್ತದೆ, ಇದ್ದಾಗ 40/8.246, ಸುಮಾರು 4.9. ಅಲ್ಲಿಂದ ಮೇಲೇಳುವುದಿಲ್ಲ. K ಎಷ್ಟೇ ಸರಿಯಿದ್ದರೂ ಅದು ಬರೀ ಗುಣಿಸುವ ಸಂಖ್ಯೆ, ಹಳೆಯ ತಪ್ಪನ್ನು ಕೂಡಿಟ್ಟುಕೊಳ್ಳುವುದಿಲ್ಲ. ಅದಕ್ಕೆ ಇಂಟಿಗ್ರೇಟರ್ ಬೇಕು. ಆಗ ಸ್ಥಿತಿ ಎರಡು, P 2×2, ಸಮಮಿತಿ ಇರುವುದರಿಂದ ಬಿಡಿಸಬೇಕಾದ ಸಂಖ್ಯೆ ಮೂರು. ಭಾಗ 4ರಲ್ಲಿ ಅದೂ ಕೈಯಲ್ಲೇ.