ಕ್ರೋಧಿ ಸಂವತ್ಸರದ ಬೆಳಗು

ಬಚ್ಚಲುಮನೆಯ ಹಂಡೆ ಒಲೆಗೆ ಅಮ್ಮ ಬೆಂಕಿ ಹಾಕುವ ಸದ್ದಿಗೇ ನನಗೆ ಎಚ್ಚರವಾಯಿತು. ನಾಲ್ಕೂವರೆ ಇರಬೇಕು. ಒಣಗಿದ ತೆಂಗಿನ ಗರಿ ಒಮ್ಮೆ ಚಟಪಟ ಅಂದು ಹತ್ತಿಕೊಳ್ಳುತ್ತದೆ, ಆಮೇಲೆ ಮಟ್ಟೆ, ಕರಟ ನಿಧಾನಕ್ಕೆ ಉರಿಯುತ್ತವೆ. 2024ರ ಏಪ್ರಿಲ್ 9, ಮಂಗಳವಾರ, ಯುಗಾದಿ. ಬೆಂಗಳೂರಿನಿಂದ ಹಿಂದಿನ ರಾತ್ರಿಯಷ್ಟೇ ತುಮಕೂರು ಸೀಮೆಯ ನಮ್ಮೂರಿಗೆ ಬಂದಿಳಿದಿದ್ದೆ.

ಆ ವರ್ಷ ನೀರಿನದೇ ಚಿಂತೆ. 2023ರ ಮುಂಗಾರು ಕೈಕೊಟ್ಟಿತ್ತು. ನಮ್ಮ ಕೊಳವೆಬಾವಿಯಲ್ಲಿ ಅರ್ಧ ಗಂಟೆ ನೀರು ಬಂದರೆ ಆಮೇಲೆ ಬರೀ ಗಾಳಿ. ಅಂಥದ್ದರಲ್ಲಿ ಮನೆಮಂದಿಗೆಲ್ಲ ಎಣ್ಣೆನೀರು ಆಗಬೇಕು. ಅಮ್ಮ ಎರಡು ದಿನದಿಂದ ನೀರು ಹಿಡಿದಿಟ್ಟು ಹಂಡೆ ತುಂಬಿಸಿದ್ದಳು.

ನಡುಮನೆಯಲ್ಲಿ ಮಣೆ ಹಾಕಿ, ಮುಂದೆ ಎರಡೆಳೆ ರಂಗೋಲಿ ಎಳೆದು ನನ್ನನ್ನು ಕೂರಿಸಿದಳು. ಬಟ್ಟಲಲ್ಲಿ ಬೆಚ್ಚಗಿನ ಹರಳೆಣ್ಣೆ. ಅದು ಮಂದ, ಕೂದಲಿಗೆ ಅಂಟಿದರೆ ಬಿಡುವುದೇ ಇಲ್ಲ ಅಂತ ಅರ್ಧದಷ್ಟು ಕೊಬ್ಬರಿ ಎಣ್ಣೆ ಬೆರೆಸಿರುತ್ತಾಳೆ. ಹಣೆಗೆ ಕುಂಕುಮವಿಟ್ಟು, ಎಣ್ಣೆಯಲ್ಲಿ ಬೆರಳದ್ದಿ ನೆಲದ ಮೇಲೆ ಏಳು ಬೊಟ್ಟು ಇಟ್ಟಳು. ಒಂದೊಂದು ಬೊಟ್ಟಿಗೆ ಒಬ್ಬೊಬ್ಬ ಚಿರಂಜೀವಿ: ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಆಮೇಲೆ ನೆತ್ತಿಗೆ ಒಂದು ಅಂಗೈ ಎಣ್ಣೆ ಸುರಿದು ತಟ್ಟತೊಡಗಿದಳು. ತಿಕ್ಕುವುದಲ್ಲ, ತಟ್ಟುವುದು. ಎಣ್ಣೆ ನೆತ್ತಿಯಿಂದ ಕಿವಿಯ ಹಿಂಭಾಗಕ್ಕೆ ಇಳಿದು ಬಂದಾಗಲೇ ಅವಳ ಕೈ ನಿಲ್ಲುವುದು.

ಅಪ್ಪನಿಗೆ ಈ ಸಲ ಅಷ್ಟು ಭಾಗ್ಯವಿರಲಿಲ್ಲ. ಎರಡು ವಾರದ ಹಿಂದೆ ಕಣ್ಣಿನ ಪೊರೆ ತೆಗೆಸಿದ್ದರು. ತಲೆಗೆ ನೀರು ಬೇಡ, ಕಣ್ಣಿಗೆ ಹನಿಯೂ ತಾಗಬಾರದು ಅಂದಿದ್ದರು ಡಾಕ್ಟರು. ಹಬ್ಬದ ದಿನ ಎಣ್ಣೆ ಮುಟ್ಟದೆ ಇರುವುದು ಹೇಗೆ ಅಂತ ಅಪ್ಪ ಚಡಪಡಿಸುತ್ತಿದ್ದರು. ಅಮ್ಮ ಏಳು ಬೊಟ್ಟನ್ನೂ ಇಟ್ಟು, ಅವರ ನೆತ್ತಿಗೆ ಒಂದೇ ಒಂದು ಹನಿ ಮುಟ್ಟಿಸಿ, "ಆಯ್ತು, ಕತ್ತಿನಿಂದ ಕೆಳಗೆ ನೀರು ಹಾಕ್ಕೊಳ್ಳಿ" ಅಂದಳು. ಗಂಡಸರಿಗೆ ಬುಧವಾರ, ಶನಿವಾರ, ಹೆಂಗಸರಿಗೆ ಮಂಗಳವಾರ, ಶುಕ್ರವಾರ ಎಣ್ಣೆನೀರು ಅನ್ನುವುದು ನಮ್ಮ ಮನೆಯ ಕಟ್ಟಳೆ. ಯುಗಾದಿಗೆ ಮಾತ್ರ ವಾರ ನೋಡುವುದಿಲ್ಲ.

ಬಚ್ಚಲಲ್ಲಿ ಅಮ್ಮ ಸೀಗೆಪುಡಿಗಿಂತ ಮೊದಲು ಒಣ ಕಡಲೆಹಿಟ್ಟನ್ನೇ ತಲೆಗೆ ಉದುರಿಸಿ ಉಜ್ಜಿದಳು. ಹಿಟ್ಟು ಎಣ್ಣೆ ಕುಡಿದು ಉಂಡೆಯಾಗಿ ಉದುರುತ್ತದೆ. ಆಮೇಲೆ ಗಂಜಿಯಲ್ಲಿ ಕಲಸಿದ ಸೀಗೆಪುಡಿ ಒಂದೇ ಸಲ ಹಚ್ಚಿದರೆ ಸಾಕು, ಮೂರು ಸಲ ನೀರು ಹೊಯ್ಯುವ ಕಡೆ ಒಂದು ಸಲಕ್ಕೇ ಮುಗಿಯುತ್ತದೆ. ಒಂದು ಎಳೆ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದಳು. ಜಾರಿದರೆ ಎಣ್ಣೆ ಇದೆ, ಕಿರ್ ಅಂದರೆ ಹೋಗಿದೆ. ಕಿರ್ ಅಂದಿತು. ಹಂಡೆಯಲ್ಲಿ ಇನ್ನೂ ಅರ್ಧ ನೀರಿತ್ತು.

ಅಷ್ಟರಲ್ಲಿ ಬೇವು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮಳೆಯಿಲ್ಲದ ವರ್ಷವೂ ಹಿತ್ತಿಲ ಬೇವಿನಮರ ಮೈತುಂಬ ಹೂ ಬಿಟ್ಟಿತ್ತು. ಗೊಂಚಲನ್ನು ಮೊರದ ಮೇಲಿಟ್ಟು ಅಂಗೈಯಲ್ಲಿ ಹಗುರಾಗಿ ಉಜ್ಜಿದರೆ ಹೂವು ಉದುರಿ, ಕಡ್ಡಿ ಕೈಯಲ್ಲಿ ಉಳಿಯುತ್ತದೆ. ಆ ಕಡ್ಡಿಯ ಚೂರು ಉಳಿಯಬಾರದು, ಗಂಟಲಲ್ಲಿ ಚುಚ್ಚುತ್ತದೆ. ನಮ್ಮಲ್ಲಿ ಒಂದು ಹಿಡಿ ಹೂವಿಗೆ ಎರಡು ಹಿಡಿ ಪುಡಿ ಬೆಲ್ಲ, ಒಂದು ಹಿಡಿ ಹುರಿಗಡಲೆ ಹಿಟ್ಟು, ನಾಲ್ಕಾರು ಕೆಂಪು ಎಳೆ ಚಿಗುರು, ಒಂದು ಚಮಚ ತುಪ್ಪ. ಹೋದ ವರ್ಷ ನಾನು ಹೂವನ್ನು ತೊಳೆದು, ಆರಿಸದೆ, ಪೂಜೆಗೆ ಗಂಟೆ ಮೊದಲೇ ಬೆಲ್ಲ ಹಾಕಿಟ್ಟಿದ್ದೆ. ಬೆಲ್ಲವೆಲ್ಲ ನೀರಾಗಿ ಪಾನಕದಂತಾಗಿತ್ತು. ಬೆಲ್ಲ ಕರಗಿ ಬಟ್ಟಲ ತಳ ಸೇರಿದರೆ ಬಾಯಿಗೆ ಬರುವುದು ಬರೀ ಕಹಿ. ಅದಕ್ಕೇ ಈ ಸಲ ಹೂವನ್ನು ಬಟ್ಟೆಯ ಮೇಲೆ ಹರಡಿ ಆರಿಸಿ, ಮಂಗಳಾರತಿಯಾದ ಮೇಲೆಯೇ ಬೆಲ್ಲ ಬೆರೆಸಿದೆ.

ಅಪ್ಪ ಕಣ್ಣುಮುಚ್ಚಿ ಶ್ಲೋಕ ಹೇಳಿದರು:

ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ |
ಸರ್ವಾರಿಷ್ಟವಿನಾಶಾಯ ನಿಂಬಕಂದಳಭಕ್ಷಣಮ್ ||

ಕಂದಳ ಅಂದರೆ ಎಳೆಯ ಚಿಗುರು. ನೂರು ವರ್ಷದ ಆಯುಸ್ಸಿಗೆ, ವಜ್ರದಂಥ ದೇಹಕ್ಕೆ ಬೇವಿನ ಚಿಗುರು ತಿನ್ನಬೇಕು ಅಂತ. ಶ್ಲೋಕದಲ್ಲಿ ಬೆಲ್ಲದ ಹೆಸರೇ ಇಲ್ಲ ಅನ್ನುವುದು ನನಗೆ ಹೊಳೆದದ್ದು ಅವತ್ತೇ. ಬಾಯಿಗೆ ಹಾಕಿದಾಗ ಮೊದಲು ಬಂದದ್ದು ಸಿಹಿ. ಕಹಿ ಆಮೇಲೆ, ನಾಲಿಗೆಯ ಬುಡದಲ್ಲಿ, ತುಂಬ ಹೊತ್ತು.

ನಂತರ ಪಂಚಾಂಗ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಹೊಸ ಪುಸ್ತಕವನ್ನು ಅಪ್ಪ ನನ್ನ ಕೈಗೆ ಕೊಟ್ಟರು. "ನನಗೆ ಸಣ್ಣಕ್ಷರ ಕಾಣಲ್ಲಮ್ಮ, ನೀನೇ ಓದು." ಪಕ್ಕದ ಮನೆಯ ಅಜ್ಜ ಆಗಲೇ ಜಗಲಿಯಲ್ಲಿ ಬಂದು ಕೂತಿದ್ದರು.

ಮೊದಲು ಆ ದಿನದ ಐದು ಅಂಗ: ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಪಾಡ್ಯ, ಮಂಗಳವಾರ ಸರಿಯಾಗಿ ಓದಿದೆ. ರೇವತಿಯ ಎದುರಿಗೆ ಮೂರು ಅಂತಿತ್ತು, ಪಕ್ಕದಲ್ಲಿ ಚಿಲ್ಲರೆ. "ರೇವತಿ ಮೂರು ಗಂಟೆವರೆಗೆ" ಅಂದೆ. ಅಪ್ಪ ತಡೆದರು. "ಗಂಟೆಯಲ್ಲ, ಘಳಿಗೆ. ಸೂರ್ಯ ಹುಟ್ಟಿದಾಗಿನಿಂದ ಎಣಿಸಬೇಕು." ಒಂದು ಘಳಿಗೆಗೆ 24 ನಿಮಿಷ, ಮೂರು ಘಳಿಗೆಗೆ 72. ಸೂರ್ಯೋದಯ ಆರೂಕಾಲಿಗೆ. ಕೂಡಿದರೆ ರೇವತಿ ಏಳೂವರೆ ಹೊತ್ತಿಗೇ ಮುಗಿದು, ನಾವು ಕೂತಿದ್ದು ಅಶ್ವಿನಿಯಲ್ಲಿ. ಇಷ್ಟು ವರ್ಷ ಅಪ್ಪ ಈ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಗಂಟೆಯಲ್ಲಿ ಹೇಳುತ್ತಿದ್ದರು. ನಾನು ಪುಸ್ತಕದಲ್ಲೇ ಹಾಗಿರುತ್ತದೆ ಅಂದುಕೊಂಡಿದ್ದೆ.

ಆಮೇಲೆ ಸಂವತ್ಸರ ಫಲ. ಯುಗಾದಿ ಯಾವ ವಾರ ಬರುತ್ತದೋ ಆ ಗ್ರಹವೇ ವರ್ಷದ ರಾಜ, ಸೂರ್ಯ ಮೇಷಕ್ಕೆ ಕಾಲಿಡುವ ವಾರದ ಗ್ರಹ ಮಂತ್ರಿ. ಯುಗಾದಿ ಮಂಗಳವಾರ, ಮೇಷ ಸಂಕ್ರಮಣ ಶನಿವಾರ. ಹಾಗಾಗಿ ಕುಜ ರಾಜ, ಶನಿ ಮಂತ್ರಿ. ಅಜ್ಜ "ಹೆಸರೂ ಕ್ರೋಧಿ, ರಾಜನೂ ಅಂಥವನೇ" ಅಂತ ನಿಟ್ಟುಸಿರುಬಿಟ್ಟು, "ಮಳೆ ಓದವ್ವ" ಅಂದರು. ಮಳೆ ನಕ್ಷತ್ರಗಳನ್ನು ಓದಿದೆ. ಅಶ್ವಿನಿ, ಆಮೇಲೆ ಏಪ್ರಿಲ್ ಕೊನೆಗೆ ಭರಣಿ. ಭರಣಿ ಮಳೆ ಧರಣಿ ಬೆಳೆ ಅನ್ನುತ್ತ ಅಜ್ಜ ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಆ ಮುಖ ನೋಡಿ ನನಗೆ ಪುಟ ತಿರುವಲು ಮನಸ್ಸಾಗಲಿಲ್ಲ.

ಅಮ್ಮ ಅಲ್ಲಿಯವರೆಗೆ ಬಾಗಿಲಿಗೊರಗಿ ನಿಂತಿದ್ದಳು. "ಕ್ರೋಧಿ ಅಂದ್ಯಲ್ಲ, ಅದು ನಾನು ಹುಟ್ಟಿದ ಸಂವತ್ಸರ ಕಣೇ" ಅಂದಳು.

ಅಮ್ಮನ ಗುರುತಿನ ಚೀಟಿಯಲ್ಲಿರುವ ಹುಟ್ಟಿದ ತಾರೀಖು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಅವಳಿಗೆ ಗೊತ್ತಿರುವುದು ಅವಳ ಅಮ್ಮ ಹೇಳಿದ್ದಷ್ಟೇ: ಕ್ರೋಧಿ ಸಂವತ್ಸರ, ಶ್ರಾವಣ ಬಹುಳ ಚೌತಿ. ಅರವತ್ತು ಹೆಸರುಗಳ ಚಕ್ರದಲ್ಲಿ ಕ್ರೋಧಿ ಮೂವತ್ತೆಂಟನೆಯದು. ಹಿಂದೆ ಬಂದದ್ದು 1964ರಲ್ಲಿ. ಅಂದರೆ ಅಮ್ಮನಿಗೆ ಈ ಶ್ರಾವಣಕ್ಕೆ ಅರವತ್ತು ತುಂಬುತ್ತದೆ. ನಾವು ಯಾರೂ ಎಣಿಸಿರಲಿಲ್ಲ. ಅವಳು ಎಣಿಸಿಕೊಂಡೇ ಇದ್ದಳು.

ನಾನು ಶ್ರಾವಣದ ಪುಟ ತೆಗೆದು ಬೆರಳಿಟ್ಟು ಹುಡುಕಿದೆ. ಹುಣ್ಣಿಮೆ ದಾಟಿ ಪಾಡ್ಯ, ಬಿದಿಗೆ, ತದಿಗೆ, ಚೌತಿ. "ಆಗಸ್ಟ್ 23, ಅಮ್ಮ."

"ವಾರ?"

"ಶುಕ್ರವಾರ."

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಗೆ ತಿರುಗಿದಳು. "ಹಾಗಾದ್ರೆ ಅವತ್ತೇ ಎಣ್ಣೆನೀರು ಹಾಕ್ಕೋಬಹುದು. ನೀನು ಬಂದು ಹಚ್ಚು."