ದಿಕ್ಕು ಒಂದು ಕಡೆ, ಐವಿ ಇನ್ನೊಂದು ಕಡೆ: ಆಪ್ಷನ್ ಸ್ಟ್ರಾಟಜಿ ಆರಿಸಲು ಆರು ಮನೆಗಳು

"ನಿಫ್ಟಿ ಏರುತ್ತೆ ಅಂದ್ಕೊಂಡೆ, ಏರ್ತು ಕೂಡ. ಆದ್ರೂ ಕಾಲ್‌ನಲ್ಲಿ ದುಡ್ಡು ಹೋಯ್ತು. ಯಾವಾಗ ಯಾವ ಸ್ಟ್ರಾಟಜಿ ಹಾಕ್ಬೇಕು ಅಂತ ಹೇಗೆ ಗೊತ್ತಾಗುತ್ತೆ ಸಾರ್?"

ಕಾಲ್ ಕೊಂಡಾಗ ನೀವು ಎರಡು ವಿಷಯದ ಮೇಲೆ ದುಡ್ಡು ಹಾಕಿರುತ್ತೀರಿ. ಒಂದು, ನಿಫ್ಟಿ ಏರುತ್ತದೆ ಅನ್ನೋದು. ಇನ್ನೊಂದು, ನೀವು ಕೊಟ್ಟ ಪ್ರೀಮಿಯಂ ದುಬಾರಿ ಆಗಿರಲಿಲ್ಲ ಅನ್ನೋದು. ಮೊದಲನೆಯದನ್ನು ಎಲ್ಲರೂ ಯೋಚಿಸುತ್ತಾರೆ. ಎರಡನೆಯದನ್ನು ಯೋಚಿಸದೆಯೇ ಬಟನ್ ಒತ್ತಿರುತ್ತಾರೆ.

ಒಂದು ಲೆಕ್ಕ ನೋಡಿ. ನಿಫ್ಟಿ 25,000ದಲ್ಲಿದೆ. ನಾಳೆ ಏನೋ ದೊಡ್ಡ ಸುದ್ದಿ ಬರಲಿದೆ, ಎಕ್ಸ್‌ಪೈರಿಗೆ ಏಳು ದಿನ ಇದೆ. ಆಪ್ಷನ್ ಚೈನ್‌ನಲ್ಲಿ ಐವಿ ಕಾಲಂ 24 ತೋರಿಸುತ್ತಿದೆ. ಐವಿ ಅಂದರೆ ಇಂಪ್ಲೈಡ್ ವೊಲಟಿಲಿಟಿ, ನಿಫ್ಟಿ ಎಷ್ಟು ಅಲ್ಲಾಡಬಹುದು ಅಂತ ಪ್ರೀಮಿಯಂ ಒಳಗೇ ಅಡಗಿರುವ ಅಂದಾಜು. 25,000 ಕಾಲ್ ಬೆಲೆ ಹೆಚ್ಚುಕಮ್ಮಿ 331 ರೂಪಾಯಿ. ನೀವು ಕೊಂಡಿರಿ. ಸುದ್ದಿ ಬಂತು, ಒಳ್ಳೆಯದೇ ಬಂತು. ಮರುದಿನ ನಿಫ್ಟಿ 25,150. ಆದರೆ ಕಾಯುತ್ತಿದ್ದ ಸುದ್ದಿ ಮುಗಿದುಹೋಯಿತು, ಹೆದರಿಕೆ ಇಳಿಯಿತು, ಐವಿ 24ರಿಂದ 14ಕ್ಕೆ ಬಂತು. ಈಗ ಅದೇ ಕಾಲ್ 265 ರೂಪಾಯಿ. ನಿಫ್ಟಿ 150 ಪಾಯಿಂಟ್ ಏರಿದೆ, ನಿಮಗೆ 66 ಪಾಯಿಂಟ್ ನಷ್ಟ. ಲಾಟ್ 65 ಎಂದು ಹಿಡಿದರೆ 4,290 ರೂಪಾಯಿ. ಇದರಲ್ಲಿ ಒಂದು ದಿನ ಕಳೆದದ್ದರ ಪಾಲು ಸ್ವಲ್ಪ. ಉಳಿದದ್ದೆಲ್ಲ ಐವಿ ಇಳಿದದ್ದರಿಂದ.

(ಇಲ್ಲಿನ ಬೆಲೆಗಳೆಲ್ಲ ಸೂತ್ರದಿಂದ ಬಂದವು. ಬಡ್ಡಿ ಸೇರಿಸಿಲ್ಲ, ಎಲ್ಲ ಸ್ಟ್ರೈಕಿಗೂ ಒಂದೇ ಐವಿ ಹಿಡಿದಿದ್ದೇನೆ. ನಿಜವಾದ ಚೈನ್‌ನಲ್ಲಿ ಕೆಳಗಿನ ಪುಟ್‌ಗಳ ಐವಿ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಲಾಟ್ ಸೈಜನ್ನೂ ಎನ್ಎಸ್ಇ ಆಗಾಗ ಬದಲಿಸುತ್ತದೆ, ನೋಡಿಕೊಳ್ಳಿ.)

ಹಾಗಾದರೆ ಪ್ರೀಮಿಯಂ ದುಬಾರಿಯೋ ಅಗ್ಗವೋ ಅಂತ ತಿಳಿಯೋದು ಹೇಗೆ? "ವಿಐಎಕ್ಸ್ 15ಕ್ಕಿಂತ ಮೇಲಿದ್ದರೆ ಮಾರು, ಕೆಳಗಿದ್ದರೆ ಕೊಳ್ಳು" ಅನ್ನೋ ಸೂತ್ರ ಎಲ್ಲ ಕಡೆ ಓಡಾಡುತ್ತದೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ಇಂಡಿಯಾ ವಿಐಎಕ್ಸ್ ಅಂದರೆ ಮುಂದಿನ 30 ದಿನಗಳಲ್ಲಿ ನಿಫ್ಟಿ ಎಷ್ಟು ಅಲ್ಲಾಡಬಹುದು ಅನ್ನೋ ಅಂದಾಜು. ನೀವು ಕೊಳ್ಳುತ್ತಿರೋದು ಏಳು ದಿನದ ಆಪ್ಷನ್. ಎರಡೂ ಒಟ್ಟಿಗೆ ನಡೆಯಬೇಕು ಅಂತೇನಿಲ್ಲ.

ಅದಕ್ಕಿಂತ ಸರಳವಾದ ದಾರಿ ಸ್ಟ್ರಾಡಲ್ ಬೆಲೆ. 25,000 ಕಾಲ್ 331, ಅದೇ ಸ್ಟ್ರೈಕಿನ ಪುಟ್ 331. ಎರಡೂ ಸೇರಿ 662. ಅಂದರೆ ಎಕ್ಸ್‌ಪೈರಿ ಹೊತ್ತಿಗೆ ನಿಫ್ಟಿ ಯಾವ ಕಡೆಗಾದರೂ ಸುಮಾರು 662 ಪಾಯಿಂಟ್ ಸರಿಯಬಹುದು ಅಂತ ಮಾರ್ಕೆಟ್ ಬೆಲೆ ಕಟ್ಟಿದೆ. ಈಗ ಚಾರ್ಟ್ ತೆಗೆದು ಕಳೆದ ಇಪ್ಪತ್ತು ವಾರಗಳಲ್ಲಿ ಒಂದು ಎಕ್ಸ್‌ಪೈರಿಯಿಂದ ಮುಂದಿನದಕ್ಕೆ ನಿಫ್ಟಿ ಎಷ್ಟು ಸರಿದಿದೆ ಅಂತ ಬರೆದುಕೊಳ್ಳಿ. ಹಿಂದಿನ ಇಂಥದೇ ಸುದ್ದಿಗಳ ವಾರದಲ್ಲಿ ಎಷ್ಟು ಸರಿದಿತ್ತು ಅಂತಲೂ ನೋಡಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಈ ಸಲ 662ಕ್ಕಿಂತ ಜಾಸ್ತಿ ಸರಿಯುತ್ತಾ, ಕಮ್ಮಿ ಸರಿಯುತ್ತಾ? ಜಾಸ್ತಿ ಅನ್ನಿಸಿದರೆ ನಿಮ್ಮ ಪಾಲಿಗೆ ಪ್ರೀಮಿಯಂ ಅಗ್ಗ. ಕಮ್ಮಿ ಅನ್ನಿಸಿದರೆ ದುಬಾರಿ. ವೊಲಟಿಲಿಟಿ ವ್ಯೂ ಅಂದರೆ ಇಷ್ಟೇ. ವ್ಯೂ ನಿಮ್ಮದು, ಹೋಲಿಸೋದು ಮಾರ್ಕೆಟ್ ಬೆಲೆ ಜೊತೆ.

ಈಗ ದಿಕ್ಕನ್ನು ಒಂದು ಕಡೆ, ಇದನ್ನು ಇನ್ನೊಂದು ಕಡೆ ಇಟ್ಟರೆ ಆರು ಮನೆ ಸಿಗುತ್ತವೆ.

| | ಪ್ರೀಮಿಯಂ ಅಗ್ಗ | ಪ್ರೀಮಿಯಂ ದುಬಾರಿ |
|---|---|---|
| ಏರುತ್ತೆ | ಕಾಲ್ ಕೊಳ್ಳಿ, ಅಥವಾ ಮೇಲಿನ ಸ್ಟ್ರೈಕ್‌ಗಳ ಬುಲ್ ಕಾಲ್ ಸ್ಪ್ರೆಡ್ | ಕೆಳಗಿನ ಸ್ಟ್ರೈಕ್‌ಗಳ ಬುಲ್ ಪುಟ್ ಸ್ಪ್ರೆಡ್ |
| ಇಳಿಯುತ್ತೆ | ಪುಟ್ ಕೊಳ್ಳಿ, ಅಥವಾ ಕೆಳಗಿನ ಸ್ಟ್ರೈಕ್‌ಗಳ ಬೇರ್ ಪುಟ್ ಸ್ಪ್ರೆಡ್ | ಮೇಲಿನ ಸ್ಟ್ರೈಕ್‌ಗಳ ಬೇರ್ ಕಾಲ್ ಸ್ಪ್ರೆಡ್ |
| ದಿಕ್ಕು ಗೊತ್ತಿಲ್ಲ | ಸ್ಟ್ರಾಡಲ್ ಅಥವಾ ಸ್ಟ್ರ್ಯಾಂಗಲ್ ಕೊಳ್ಳಿ | ಐರನ್ ಕಾಂಡೋರ್ |

ಸ್ಟ್ರ್ಯಾಂಗಲ್ ಅಂದರೆ ಮೇಲಿನ ಸ್ಟ್ರೈಕಿನ ಒಂದು ಕಾಲ್, ಕೆಳಗಿನ ಸ್ಟ್ರೈಕಿನ ಒಂದು ಪುಟ್. ಐರನ್ ಕಾಂಡೋರ್ ಅಂದರೆ ಅದರ ಮೇಲಿನ ಎರಡು ಮನೆಗಳ ಬುಲ್ ಪುಟ್, ಬೇರ್ ಕಾಲ್ ಸ್ಪ್ರೆಡ್ ಎರಡನ್ನೂ ಒಟ್ಟಿಗೆ ಹಾಕೋದು. ಬರಿಯ ಕಾಲ್ ಮಾರೋದು, ಬರಿಯ ಸ್ಟ್ರ್ಯಾಂಗಲ್ ಮಾರೋದು ಬೇಕಂತಲೇ ಇಲ್ಲಿ ಹಾಕಿಲ್ಲ. ನಷ್ಟಕ್ಕೆ ಮಿತಿ ಇಲ್ಲದ ಯಾವುದನ್ನೂ ಹೊಸಬರು ಮುಟ್ಟೋದು ಬೇಡ ಅನ್ನೋದು ನನ್ನ ಹಟ.

ಇನ್ನು ನಮ್ಮ ಉದಾಹರಣೆಗೇ ಹೋಗೋಣ. ಏರುತ್ತೆ ಅನ್ನೋದು ನಿಮ್ಮ ದಿಕ್ಕು. 662 ಜಾಸ್ತಿಯಾಯಿತು, ಅಷ್ಟೆಲ್ಲ ಸರಿಯಲ್ಲ ಅನ್ನೋದು ನಿಮ್ಮ ಎರಡನೇ ಅನಿಸಿಕೆ. ಮೊದಲ ಸಾಲು, ಬಲಗಡೆ ಮನೆ: ಬುಲ್ ಪುಟ್ ಸ್ಪ್ರೆಡ್. 24,700 ಪುಟ್ ಅನ್ನು 203ಕ್ಕೆ ಮಾರಿ, 24,500 ಪುಟ್ ಅನ್ನು 140ಕ್ಕೆ ಕೊಂಡಿರಿ. ಕೈಗೆ 63 ಬಂತು. ನೂರಕ್ಕೆ ನೂರು ತಪ್ಪಾದರೂ ಹೋಗೋದು 137 ಪಾಯಿಂಟ್, ಲಾಟಿಗೆ 8,905 ರೂಪಾಯಿ. ಮರುದಿನ ನಿಫ್ಟಿ 25,150, ಐವಿ 14. ಆ ಸ್ಪ್ರೆಡ್ ಈಗ 23ಕ್ಕೆ ಸಿಗುತ್ತದೆ. 40 ಪಾಯಿಂಟ್ ಲಾಭ. ಕಾಲ್ ಕೊಂಡವರು 66 ಕಳೆದುಕೊಂಡ ಅದೇ ದಿನ, ಅದೇ ಏರಿಕೆಯಲ್ಲಿ.

ಹಾಗಂತ ಇದು ಪುಕ್ಕಟೆ ಅಲ್ಲ. ಮರುದಿನ ನಿಫ್ಟಿ 150ರ ಬದಲು 500 ಏರಿದ್ದರೆ, ಐವಿ ಇಳಿದರೂ ಕಾಲ್‌ನಲ್ಲಿ ಸುಮಾರು 200 ಪಾಯಿಂಟ್ ಲಾಭ ಬರುತ್ತಿತ್ತು. ಬುಲ್ ಪುಟ್‌ನವರಿಗೆ ಜಾಸ್ತಿ ಅಂದರೆ 63. "ದುಬಾರಿ" ಅಂತ ಮಾರುವ ಮನೆ ಆರಿಸಿದ್ದಕ್ಕೆ ತೆತ್ತ ಬೆಲೆ ಅದು. ಅದೇ ನಿಫ್ಟಿ 600 ಕುಸಿದು ಐವಿ 14ಕ್ಕೇ ಬಂದಿದ್ದರೆ ಸ್ಪ್ರೆಡ್‌ನಲ್ಲಿ ಸುಮಾರು 72 ಹೋಗುತ್ತಿತ್ತು, ಕಾಲ್‌ನಲ್ಲಿ 314.

ಇಲ್ಲಿ ಒಂದು ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಹೆಚ್ಚಿನ ಚಾರ್ಟ್‌ಗಳು "ಐವಿ ಕಮ್ಮಿ ಇದ್ದರೆ ದುಡ್ಡು ಕೊಟ್ಟು ಸ್ಪ್ರೆಡ್ ಹಾಕಿ, ಜಾಸ್ತಿ ಇದ್ದರೆ ದುಡ್ಡು ಪಡೆದು ಹಾಕಿ" ಅಂತ ಹೇಳಿ ಮುಗಿಸುತ್ತವೆ. ಇದು ಅರ್ಧ ಸತ್ಯ. 25,000 ಕಾಲ್ 331ಕ್ಕೆ ಕೊಂಡು 25,200 ಕಾಲ್ 241ಕ್ಕೆ ಮಾರಿದರೆ 90 ಕೊಟ್ಟಂತಾಯಿತು. ಜಾಸ್ತಿ ಅಂದರೆ 110 ಲಾಭ, 90 ನಷ್ಟ. ಈಗ ಅದೇ ಸ್ಟ್ರೈಕ್‌ಗಳಲ್ಲಿ ಪುಟ್ ನೋಡಿ. 25,200 ಪುಟ್ 441ಕ್ಕೆ ಮಾರಿ 25,000 ಪುಟ್ 331ಕ್ಕೆ ಕೊಂಡರೆ 110 ಬರುತ್ತದೆ. ಇಲ್ಲೂ ಜಾಸ್ತಿ ಅಂದರೆ 110 ಲಾಭ, 90 ನಷ್ಟ. ಒಂದರಲ್ಲಿ ದುಡ್ಡು ಕೊಟ್ಟಿರಿ, ಇನ್ನೊಂದರಲ್ಲಿ ಪಡೆದಿರಿ. ಆದರೆ ಎರಡೂ ಒಂದೇ! ಐವಿ ಏರಿದರೂ ಇಳಿದರೂ ಎರಡಕ್ಕೂ ಆಗೋದು ಒಂದೇ.

ಹಾಗಾದರೆ ವ್ಯತ್ಯಾಸ ಬರೋದು ಎಲ್ಲಿಂದ? ಸ್ಟ್ರೈಕ್ ಎಲ್ಲಿದೆ ಅನ್ನೋದರಿಂದ. ಐವಿ ಬದಲಾದಾಗ ಜಾಸ್ತಿ ಅಲ್ಲಾಡೋದು ಈಗಿನ ಬೆಲೆಗೆ ಹತ್ತಿರ ಇರುವ ಸ್ಟ್ರೈಕ್. ದೂರ ಹೋದಂತೆ ಪರಿಣಾಮ ಕಮ್ಮಿ. ನೀವು ಮಾರಿದ ಸ್ಟ್ರೈಕ್ ಹತ್ತಿರ ಇದ್ದು ಕೊಂಡದ್ದು ದೂರ ಇದ್ದರೆ, ಐವಿ ಇಳಿದಾಗ ನಿಮಗೆ ಲಾಭ. ನಮ್ಮ 24,700/24,500 ಹಾಗಿತ್ತು. ಕೊಂಡದ್ದು ಹತ್ತಿರ ಇದ್ದು ಮಾರಿದ್ದು ದೂರ ಇದ್ದರೆ, ಐವಿ ಏರಿದಾಗ ಲಾಭ. ಉದಾಹರಣೆಗೆ 25,300 ಕಾಲ್ ಕೊಂಡು 25,500 ಮಾರಿದರೆ ಹೀಗೆ. ಚೌಕದಲ್ಲಿ "ಮೇಲಿನ", "ಕೆಳಗಿನ" ಅಂತ ಬರೆದದ್ದು ಇದಕ್ಕೇ. ಆ ಪದ ತೆಗೆದರೆ ಎಡ ಬಲ ಅನ್ನೋದಕ್ಕೆ ಅರ್ಥವೇ ಉಳಿಯಲ್ಲ.

ಇದರಿಂದ ಇನ್ನೊಂದು ಉಪಯೋಗ ಇದೆ. ಏರುತ್ತೆ ಅನ್ನಿಸುತ್ತದೆ, ಆದರೆ ಪ್ರೀಮಿಯಂ ಬಗ್ಗೆ ಏನೂ ಹೇಳಲಾಗುತ್ತಿಲ್ಲ ಅಂದುಕೊಳ್ಳಿ. ಆಗ ಬೆಲೆಯನ್ನು ನಡುವೆ ಇಟ್ಟು 24,900 ಕಾಲ್ ಕೊಂಡು 25,100 ಮಾರಿ. ಎರಡೂ ಸ್ಟ್ರೈಕ್ ಅಷ್ಟೇ ದೂರ. ಐವಿ ಏನೇ ಆದರೂ ಹೆಚ್ಚು ತಟ್ಟಲ್ಲ, ಹೆಚ್ಚುಕಮ್ಮಿ ದಿಕ್ಕಿನ ಮೇಲೆ ಮಾತ್ರ ದುಡ್ಡು ಇರುತ್ತದೆ. ಹೊಸಬರಿಗೆ ಮೊದಲು ಇದನ್ನೇ ಹೇಳ್ತೀನಿ.

ಬಲಗಡೆಯ ಮನೆಗಳಲ್ಲಿ ಪೆಟ್ಟು ಬೀಳೋದು ಹೆಚ್ಚಾಗಿ ಒಂದೇ ತರಹ. ಐವಿ ಯಾಕೆ ಏರಿದೆ ಅಂತ ನೋಡದೆ ಮಾರಿಬಿಡೋದು. ತಾರೀಖು ಗೊತ್ತಿರುವ ಸುದ್ದಿಗಾಗಿ ಏರಿದ ಐವಿ, ಬಜೆಟ್ಟೋ ಫಲಿತಾಂಶವೋ ಆಗಿದ್ದರೆ, ಅದು ಮುಗಿದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಮಾರ್ಕೆಟ್ ಕುಸಿಯುತ್ತಿದೆ ಅಂತ ಏರಿದ ಐವಿಗೆ ಅಂಥ ಕೊನೆಯ ದಿನಾಂಕ ಇಲ್ಲ. 2020ರ ಮಾರ್ಚ್‌ನಲ್ಲಿ ಇಂಡಿಯಾ ವಿಐಎಕ್ಸ್ 80 ದಾಟಿತ್ತು. 30ರ ಹತ್ತಿರ ಇದ್ದಾಗಲೇ "ಇದು ಜಾಸ್ತಿ" ಅನ್ನಿಸಿರಬಹುದು, ಅಲ್ವಾ? ಅಲ್ಲಿಂದ ಎರಡೂವರೆ ಪಟ್ಟು ಇನ್ನೂ ಬಾಕಿ ಇತ್ತು.

ತಾರೀಖು ಗೊತ್ತಿದ್ದಾಗಲೂ ದಿಕ್ಕು ತಪ್ಪಿದರೆ ಐವಿ ಕಾಪಾಡಲ್ಲ. 2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ. ಹಿಂದಿನ ದಿನ ಎಕ್ಸಿಟ್ ಪೋಲ್ ಹುಮ್ಮಸ್ಸಿನಲ್ಲಿ ನಿಫ್ಟಿ 3%ಗಿಂತ ಜಾಸ್ತಿ ಏರಿತ್ತು. ಫಲಿತಾಂಶದ ದಿನ ಸುಮಾರು 5.9% ಕುಸಿಯಿತು, ವಿಐಎಕ್ಸ್ ಇನ್ನೂ ಮೇಲೆ ಹೋಯಿತು. ವಿಐಎಕ್ಸ್ ಜೋರಾಗಿ ಇಳಿದದ್ದು ಮರುದಿನ. "ಪ್ರೀಮಿಯಂ ದುಬಾರಿ, ಏರುತ್ತೆ" ಅಂತ ಬೆಲೆಗೆ ಹತ್ತಿರದ ಬುಲ್ ಪುಟ್ ಹಾಕಿದ್ದವರಿಗೆ ಆ ದಿನ ಹೆಚ್ಚುಕಮ್ಮಿ ಪೂರ್ತಿ ನಷ್ಟ. ಆದರೆ ಎಷ್ಟು ಹೋಗುತ್ತದೆ ಅನ್ನೋದು ಅವರಿಗೆ ಹಿಂದಿನ ದಿನವೇ ಗೊತ್ತಿತ್ತು. ಬರಿಯ ಪುಟ್ ಮಾರಿದ್ದವರಿಗೆ ಅದೂ ಗೊತ್ತಿರಲಿಲ್ಲ.

ಎಡಗಡೆಯ ಕೆಳಗಿನ ಮನೆಯಲ್ಲಿ, ಅಂದರೆ ಸ್ಟ್ರಾಡಲ್ ಕೊಳ್ಳುವಲ್ಲಿ, ಸುದ್ದಿಯ ಹಿಂದಿನ ದಿನ ಹೋಗೋದು ತಪ್ಪು. ಆ ಹೊತ್ತಿಗೆ ಅದು ಅಗ್ಗ ಇರೋದು ಅಪರೂಪ. 662 ಕೊಟ್ಟು ಕೊಂಡರೆ ಎಕ್ಸ್‌ಪೈರಿಯಲ್ಲಿ ನಿಫ್ಟಿ 24,338ರ ಕೆಳಗೋ 25,662ರ ಮೇಲೋ ಇರಬೇಕು. ಇನ್ನು ದಿಕ್ಕೂ ಗೊತ್ತಿಲ್ಲ, ಪ್ರೀಮಿಯಂ ಬಗ್ಗೆಯೂ ಏನೂ ಅನ್ನಿಸುತ್ತಿಲ್ಲ ಅಂದರೆ ಅದಕ್ಕೆ ಈ ಚೌಕದಲ್ಲಿ ಮನೆಯೇ ಇಲ್ಲ. ಆ ವಾರ ಸುಮ್ನೆ ಇರಿ.

ಆರ್ಡರ್ ಹಾಕುವಾಗ ಕೊಳ್ಳುವ ಕಾಲನ್ನೋ ಪುಟ್ಟನ್ನೋ ಮೊದಲು ಕೊಳ್ಳಿ, ಆಮೇಲೆ ಮಾರಿ. ಹಾಗಾದರೆ ಸ್ಪ್ರೆಡ್‌ಗೆ ಬೇಕಾದಷ್ಟೇ ಮಾರ್ಜಿನ್ ಕೇಳುತ್ತದೆ. ಹೊರಬರುವಾಗ ಉಲ್ಟಾ: ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ. ಕೊಂಡದ್ದನ್ನು ಮೊದಲು ಮಾರಿಬಿಟ್ಟರೆ ಆ ಕ್ಷಣ ನಿಮ್ಮ ಕೈಯಲ್ಲಿ ಉಳಿಯೋದು ಬರಿಯ ಮಾರಿದ ಪುಟ್, ಮಾರ್ಜಿನ್ ಒಮ್ಮೆಗೇ ಜಿಗಿಯುತ್ತದೆ.